ಕುಡಿಯುವ ನೀರಿನ ಹಣದಲ್ಲಿ ಬೀದಿದೀಪ ಹಾಕಬಹುದೇ?

ಪ್ರಶ್ನೆ: ಗ್ರಾಮ ಪಂಚಾಯಿತಿಯೊಂದಕ್ಕೆ 15ನೇ ಹಣಕಾಸು ಆಯೋಗದ ಅನುದಾನವಾಗಿ 10 ಲಕ್ಷ ರೂಪಾಯಿ ಬಂದಿದ್ದು, ಅದರಲ್ಲಿ 6 ಲಕ್ಷವನ್ನು ಬೀದಿದೀಪಗಳಿಗೆ ಖರ್ಚು ಮಾಡಲಾಗಿದೆ. ಇದು ಕ್ರಮಬದ್ಧವೇ? ಹೊಣೆ ಯಾರದು?

ಉತ್ತರ: ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಬೀದಿದೀಪ, ಕುಡಿಯುವ ನೀರು ಮತ್ತು ನೈರ್ಮಲ್ಯ ಇವೆಲ್ಲವೂ ಗ್ರಾಮ ಪಂಚಾಯಿತಿಯ ಕರ್ತವ್ಯಗಳೇ ಆಗಿರುವುದರಿಂದ ಇಲ್ಲಿ ದೋಷವಿರುವುದು ಕಾಮಗಾರಿಯಲ್ಲಲ್ಲ, ಹಣದ ಮೂಲದಲ್ಲಿ. 2021-22ರಿಂದ 2025-26ರವರೆಗಿನ ಈ ಅನುದಾನದಲ್ಲಿ ಶೇ 60 ಭಾಗ ನಿರ್ಬಂಧಿತ, ಅಂದರೆ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾದದ್ದು. ಉಳಿದ ಶೇ 40 ಭಾಗವನ್ನು ಸಂಬಳ ಹಾಗೂ ಆಡಳಿತ ವೆಚ್ಚ ಬಿಟ್ಟು ಸ್ಥಳೀಯ ಅಗತ್ಯಗಳಿಗೆ ಬಳಸಬಹುದು. ಆದ್ದರಿಂದ ಈ ಪಂಚಾಯಿತಿಯು ಬೀದಿದೀಪಕ್ಕೆ ಅನುದಾನದಿಂದ ಹೆಚ್ಚೆಂದರೆ 4 ಲಕ್ಷ ರೂಪಾಯಿ ಬಳಸಿ, ಮಿಕ್ಕ 2 ಲಕ್ಷವನ್ನು ಮನೆ ಕಂದಾಯದಂತಹ ಸ್ವಂತ ಸಂಪನ್ಮೂಲದಿಂದ ಭರಿಸಬೇಕಿತ್ತು.

ಕ್ರಿಯಾಯೋಜನೆಗೆ ಸಾಮಾನ್ಯ ಸಭೆ ಒಪ್ಪಿಗೆ ನೀಡುತ್ತದೆ. ಹಣ ಪಾವತಿಗೆ ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಅನುಮೋದನೆಯೂ ಬೇಕಾಗಿರುವುದರಿಂದ ಹೊಣೆಯನ್ನು ಒಬ್ಬರ ಮೇಲೆ ಮಾತ್ರ ಹೊರಿಸಲಾಗದು. ಕ್ರಿಯಾಯೋಜನೆಯಲ್ಲಿ ಕಾಮಗಾರಿಯ ಮುಂದೆ ನಮೂದಾದ ಅನುದಾನದ ಶೀರ್ಷಿಕೆಯನ್ನು ಪಾವತಿ ವೋಚರ್‌ನ ಶೀರ್ಷಿಕೆಯೊಂದಿಗೂ, ಬಿಲ್ಲಿನ ಪ್ರಮಾಣವನ್ನು ಅಳತೆ ಪುಸ್ತಕದೊಂದಿಗೂ ಹೋಲಿಸಿದರೆ ಇಂತಹ ವ್ಯತ್ಯಾಸ ಬಯಲಾಗುತ್ತದೆ. ಈ ದಾಖಲೆಗಳನ್ನು ಮಾಹಿತಿ ಹಕ್ಕಿನಡಿ ಪಡೆದು, ಗ್ರಾಮಸಭೆಯಲ್ಲಿ ಪ್ರಶ್ನೆಯನ್ನು ಎತ್ತಿ, ಅದನ್ನು ನಡಾವಳಿಯಲ್ಲಿ ದಾಖಲಿಸುವಂತೆ ಗ್ರಾಮಸ್ಥರು ಕೇಳಬೇಕು.