ಮೊದಲು ತೂತು, ಆಮೇಲೆ ನಾಲಿಗೆ

ಹಳೆಯ ಮನೆಯ ಬಾಗಿಲುವಾಡ ಬಿಚ್ಚುವಾಗ ಮೂಲೆಯಲ್ಲಿ ಮೊಳೆ ಹುಡುಕಿದರೆ ಸಿಗುವುದು ಅಪರೂಪ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೊಯ್ದು, ಇನ್ನೊಂದರಲ್ಲಿ ತೋಡಿದ ತೂತಿಗೆ ಕೂರಿಸಿರುತ್ತಾರೆ. ಜರ್ಮನಿಯ ಲೈಪ್‌ಜಿಗ್ ಬಳಿ ಸಿಕ್ಕ ಸುಮಾರು 7,000 ವರ್ಷ ಹಳೆಯ ಬಾವಿಯ ಓಕ್ ಮರದ ಕಟ್ಟಿನಲ್ಲೂ ಇಂಥ ಜೋಡಣೆಯಿದೆ. ಅದನ್ನು ಕೊರೆದದ್ದು ಕಲ್ಲಿನ ಹತಾರಗಳಲ್ಲಿ.

ಇದನ್ನೇ ಒಂದು ಸಾದಾ ಮೇಜಿನಲ್ಲಿ ನೋಡೋಣ. ಕಾಲು 50 ಮಿಲಿಮೀಟರ್ ಚೌಕ. ಕಾಲುಗಳನ್ನು ಸೇರಿಸುವ ಅಡ್ಡಪಟ್ಟಿ 100 ಅಗಲ, 24 ದಪ್ಪ. ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಪಾಲು, ಅಂದರೆ 8, ಉದ್ದ 30. ತೂತನ್ನು 32 ಆಳ ತೋಡಬೇಕು. ತಳದಲ್ಲಿ ಉಳಿಯುವ ಆ ಎರಡು ಮಿಲಿಮೀಟರಿನಲ್ಲಿ ಹೆಚ್ಚಾದ ಅಂಟು ನಿಲ್ಲುತ್ತದೆ.

ಮೊದಲು ತೂತನ್ನೇ ತೋಡುವುದಕ್ಕೆ ಕಾರಣವಿದೆ. ಅದರ ಅಗಲವನ್ನು ನಿರ್ಧರಿಸುವುದು 8 ಮಿಲಿಮೀಟರಿನ ಉಳಿ. ಅದನ್ನು ಆಮೇಲೆ ಕಿರಿದು ಮಾಡಲಾಗದು. ನಾಲಿಗೆಯನ್ನಾದರೆ ತುಸುತುಸುವೇ ಕೆತ್ತಿ ತೂತಿಗೆ ಹೊಂದಿಸಬಹುದು. ಗುರುತು ಹಾಕುವ ಗೇಜನ್ನೂ ಇದೇ ಉಳಿಯ ಬಾಯಿಗೆ ಸರಿಯಾಗಿ ಹೊಂದಿಸಿಕೊಂಡು, ಪ್ರತಿ ಗೆರೆಯನ್ನೂ ಮರದ ಹೊರಮುಖಕ್ಕೆ ಒತ್ತಿಯೇ ಎಳೆಯಬೇಕು. ಒಂದನ್ನು ಹೊರಗಿನಿಂದ, ಇನ್ನೊಂದನ್ನು ಒಳಗಿನಿಂದ ಅಳೆದರೆ ಮರದ ದಪ್ಪದಲ್ಲಿರುವ ಸಣ್ಣ ವ್ಯತ್ಯಾಸವೆಲ್ಲ ಜೋಡಣೆಯಲ್ಲಿ ಎದ್ದು ಕಾಣುತ್ತದೆ.

ಕಾಲಿನ ಮೇಲ್ತುದಿಯನ್ನು ಬೇಕಾದದ್ದಕ್ಕಿಂತ 25 ಮಿಲಿಮೀಟರ್ ಉದ್ದವಾಗಿಯೇ ಬಿಟ್ಟಿರಬೇಕು. ತೂತು ತುದಿಗೆ ಹತ್ತಿರವಿರುವುದರಿಂದ ಕೊಡತಿಯ ಪೆಟ್ಟಿಗೆ ಮರ ಸೀಳುವ ಭಯ ಅಲ್ಲೇ ಹೆಚ್ಚು. ಉಳಿಯನ್ನು ನೆಟ್ಟಗೆ ಹಿಡಿದು, ಗುರುತಿನ ಕೊನೆಯಿಂದ ಎರಡು ಮಿಲಿಮೀಟರ್ ಒಳಗೆ ಹೊಡೆಯಲು ಶುರುಮಾಡಬೇಕು. ಒಳಗಿನ ಚೂರನ್ನು ಮೀಟಿ ತೆಗೆಯುವಾಗ ತೂತಿನ ಅಂಚು ಜಜ್ಜಿಹೋಗುತ್ತದೆ. ಬಿಟ್ಟ ಆ ಎರಡು ಮಿಲಿಮೀಟರನ್ನು ಕೊನೆಗೆ ನೆಟ್ಟಗೆ ಕೆತ್ತಿದಾಗ ಜಜ್ಜಿದ ಭಾಗವೂ ಹೋಗುತ್ತದೆ. ಅಕ್ಕಪಕ್ಕದ ಎರಡು ತೂತುಗಳು ಕಾಲಿನೊಳಗೆ ಸಂಧಿಸುವುದರಿಂದ ನಾಲಿಗೆಗಳ ತುದಿಯನ್ನು 45 ಡಿಗ್ರಿಗೆ ಓರೆ ಕೊಯ್ಯಬೇಕು.

ಇನ್ನು ನಾಲಿಗೆ. ಅದರ ಬುಡದ ಗೆರೆಯನ್ನು ಪೆನ್ಸಿಲಿನಲ್ಲಲ್ಲ, ಚಾಕುವಿನಲ್ಲಿ, ಮೂಲೆಮಟ್ಟ ಇಟ್ಟು ಪಟ್ಟಿಯ ಸುತ್ತ ಗೀರಬೇಕು. ಮೇಜು ಸಿದ್ಧವಾದ ಮೇಲೆ ಹೊರಗೆ ಕಾಣುವುದು ಈ ಗೆರೆಯೊಂದೇ. ಗರಗಸ ಗೆರೆಯ ಮೇಲೆ ಹರಿಯಬಾರದು, ತೆಗೆದುಹಾಕುವ ಮರದ ಬದಿಯಲ್ಲೇ ಹರಿಯಬೇಕು. ಪಟ್ಟಿಯ ಮೇಲಂಚಿನ ಕಡೆ ನಾಲಿಗೆಯನ್ನು 25 ಮಿಲಿಮೀಟರ್ ತಗ್ಗಿಸಿದರೆ ತೂತಿನ ಮೇಲೆ ಗಟ್ಟಿ ಮರ ಉಳಿಯುತ್ತದೆ.

ಕೈಯಿಂದ ಒತ್ತಿದರೆ ನಾಲಿಗೆ ಒಳಗೆ ಹೋಗಬೇಕು. ಪಟ್ಟಿ ಹಿಡಿದು ಎತ್ತಿದರೆ ಕಾಲು ಜಾರಿ ಬೀಳಬಾರದು. ಕೊಡತಿಯಿಂದ ಬಡಿದು ಕೂರಿಸಿದರೆ ಕಾಲು ಸೀಳುತ್ತದೆ. ಬಿಗಿಯಾದಾಗ ಎಲ್ಲೆಡೆ ಕೆತ್ತುವುದು ತಪ್ಪು. ಹೊರತೆಗೆದು ನೋಡಿದರೆ ಉಜ್ಜಿದ ಜಾಗ ಹೊಳೆಯುತ್ತದೆ, ಅಷ್ಟನ್ನೇ ಕೆತ್ತಿದರೆ ಸಾಕು. ಸಡಿಲವಾದರೆ ನಾಲಿಗೆಯ ಕೆನ್ನೆಗೆ ತೆಳು ಮರದ ಹಾಳೆ ಅಂಟಿಸಿ ಮತ್ತೆ ಹೊಂದಿಸಬಹುದು. ಬರೀ ಅಂಟು ಸುರಿದರೆ ಸಂದು ತುಂಬಿದಂತೆ ಕಂಡರೂ ಬಲ ಬರುವುದಿಲ್ಲ. ಬುಡ ಕಾಲಿಗೆ ತಾಗದೆ ಸಂದು ಉಳಿದರೆ ಮೊದಲು ತೂತಿನ ಆಳ ಅಳೆಯಬೇಕು. ಅನೇಕ ಸಲ ತಳದಲ್ಲಿ ಉಳಿದ ಚಕ್ಕೆಯೇ ನಾಲಿಗೆಯನ್ನು ತಡೆದಿರುತ್ತದೆ.

ಅಂಟು ಹಚ್ಚಿ ಕ್ಲಾಂಪ್ ಬಿಗಿದ ಕೂಡಲೇ ಚೌಕಟ್ಟಿನ ಎರಡೂ ಕರ್ಣಗಳನ್ನು ಅಳೆಯಬೇಕು. ಅವು ಸಮನಾಗಿಲ್ಲದಿದ್ದರೆ ಅಂಟು ಹಸಿಯಿರುವಾಗಲೇ ಉದ್ದದ ಕರ್ಣದ ಮೂಲೆಗಳನ್ನು ಒಳಕ್ಕೆ ಒತ್ತಿ ಸರಿಮಾಡಬೇಕು. ಕಾಲಿನ ಮೇಲೆ ಬಿಟ್ಟಿದ್ದ 25 ಮಿಲಿಮೀಟರ್ ಮರವನ್ನು ಕೊಯ್ಯುವುದು ಮಾರನೆಯ ದಿನ, ಅಂಟು ಪೂರಾ ಒಣಗಿದ ಮೇಲೆ.