ಸಾಧನೆಗಳ ಪಟ್ಟಿಯಿಂದ ಒಂದು ಪರಿಚಯ

ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ನೋಡಿಕೊಳ್ಳುವ ಎಂಜಿನಿಯರ್ ಒಬ್ಬರು ಇದ್ದಾರೆ ಎಂದುಕೊಳ್ಳಿ. ಲಿಂಕ್ಡ್‌ಇನ್‌ಗೆಂದು ಅವರು ಬರೆದಿಟ್ಟುಕೊಂಡ ಪಟ್ಟಿ ಇದು: ರಿಜೆಕ್ಷನ್ ಶೇ. 6ರಿಂದ 2ಕ್ಕೆ ಇಳಿಸಿದ್ದು, 15 ಆಪರೇಟರ್‌ಗಳಿಗೆ ತರಬೇತಿ, ಐಎಸ್‌ಒ 9001 ಆಡಿಟ್‌ಗೆ ದಾಖಲೆ ಸಿದ್ಧಪಡಿಸಿದ್ದು, ಕಂಪನಿಯ ‘ಉತ್ತಮ ನೌಕರ’ ಪ್ರಶಸ್ತಿ, ಎಕ್ಸೆಲ್ ಕೋರ್ಸ್.

ಇವನ್ನೇ ಸಾಲಾಗಿ ಪೋಣಿಸಿದರೆ ರೆಸ್ಯೂಮೆ ಎರಡನೇ ಸಲ ಓದಿದಂತಾಗುತ್ತದೆ, ಅಷ್ಟೆ. ಪ್ರೊಫೈಲ್‌ನ About ಭಾಗದಲ್ಲಿ 2,600 ಅಕ್ಷರಗಳಿಗೆ ಜಾಗವಿದೆ. ಆದರೆ ನೋಡುವವರಿಗೆ ಮೊದಲು ಕಾಣುವುದು ಎರಡು-ಮೂರು ಸಾಲು. ಉಳಿದದ್ದನ್ನು ಅವರೇ ಒತ್ತಿ ತೆರೆಯಬೇಕು. ಹೀಗಾಗಿ ಪಟ್ಟಿಯ ಯಾವ ಅಂಶ ಮೊದಲು ಬರಬೇಕು ಎಂಬುದೇ ಮುಖ್ಯ ಪ್ರಶ್ನೆ.

ಇಲ್ಲಿ ಅದು ರಿಜೆಕ್ಷನ್. ಆದರೆ ಹೇಗೆ ಇಳಿಯಿತು ಎಂಬುದು ಪಟ್ಟಿಯಲ್ಲಿಲ್ಲ. ಕೆದಕಿ ಕೇಳಿದರೆ ಎಂಜಿನಿಯರ್ ಹೇಳುವುದು ಹೀಗಿರುತ್ತದೆ: ‘ನಮ್ಮಲ್ಲಿ ಟೂಲ್ ಪೂರ್ತಿ ಸವೆದ ಮೇಲೇ ಬದಲಿಸುತ್ತಿದ್ದರು. ಆ ತರಬೇತಿ ಕೊಟ್ಟದ್ದೂ ಅದಕ್ಕೇ.’ ಪಟ್ಟಿಯಲ್ಲಿ ಬೇರೆ ಬೇರೆಯಾಗಿದ್ದ ಎರಡು ಅಂಶ ಈಗ ಒಂದೇ ಕೆಲಸದ ಭಾಗಗಳಾದವು. ಬರೆದರೆ ಹೀಗೆ:

‘ಲೇತ್‌ನಿಂದ ಬರುವ ಶಾಫ್ಟ್‌ಗಳಲ್ಲಿ ನೂರಕ್ಕೆ ಆರು ರಿಜೆಕ್ಟ್ ಆಗುತ್ತಿದ್ದವು. ಇಂತಿಷ್ಟು ಪೀಸ್ ಆದೊಡನೆ ಟೂಲ್ ಬದಲಿಸುವ ಕ್ರಮ ತಂದೆ. ಮೈಕ್ರೋಮೀಟರ್ ಹಿಡಿದು ತಾವೇ ಅಳೆಯುವುದನ್ನು 15 ಆಪರೇಟರ್‌ಗಳಿಗೆ ಕಲಿಸಿದೆ. ವರ್ಷದೊಳಗೆ ರಿಜೆಕ್ಷನ್ ಎರಡಕ್ಕೆ ಇಳಿಯಿತು.’

ಆಮೇಲೆ ಆಡಿಟ್ ಬಗ್ಗೆ ಒಂದು ವಾಕ್ಯ, ಮುಂದೆ ಎಂಥ ಕೆಲಸ ಬೇಕು ಎಂದು ಇನ್ನೊಂದು. ಪ್ರಶಸ್ತಿಗೆ ಪ್ರೊಫೈಲ್‌ನಲ್ಲಿ ಬೇರೆ ಜಾಗವಿದೆ. ಎಕ್ಸೆಲ್ ಬಿಟ್ಟರೂ ನಷ್ಟವಿಲ್ಲ. ಆರರಿಂದ ಎರಡಕ್ಕೆ ಬಂದದ್ದನ್ನು ‘ಶೇ. 67 ಇಳಿಕೆ’ ಎಂದು ಬರೆಯುವ ಚಾಳಿಯೊಂದಿದೆ. ಲೆಕ್ಕ ಸರಿ, ಆದರೆ ಸಂದರ್ಶನದಲ್ಲಿ ಮೊದಲು ಬರುವ ಪ್ರಶ್ನೆಯೇ ‘ಎಷ್ಟರಿಂದ ಎಷ್ಟಕ್ಕೆ?’ ಎಂಬುದು. ಎರಡೂ ಅಂಕಿ ಕೊಟ್ಟುಬಿಡುವುದೇ ಮೇಲು. ಗಿರಾಕಿ ಕಂಪನಿಯ ಹೆಸರನ್ನು ಮಾತ್ರ ಅನುಮತಿಯಿಲ್ಲದೆ ಹಾಕಬಾರದು. ತಂಡವಾಗಿ ಮಾಡಿದ್ದರೆ ತನ್ನ ಪಾಲು ಯಾವುದೆಂದು ಬಿಡಿಸಿ ಹೇಳಬೇಕು.

ಕಿರು ಪರಿಚಯದ ದಾರಿ ಬೇರೆ. ವಿಚಾರ ಸಂಕಿರಣದಲ್ಲಿ ಅದನ್ನು ನಿರೂಪಕರು ಗಟ್ಟಿಯಾಗಿ ಓದುತ್ತಾರೆ. ಆದ್ದರಿಂದ ‘ನಾನು’ ಹೋಗಿ ಹೆಸರು ಬರುತ್ತದೆ. ಕೆಲಸ ಹುಡುಕುವ ಮಾತು ಪೂರ್ತಿ ಬಿದ್ದುಹೋಗುತ್ತದೆ. ಮೂರು ವಾಕ್ಯ ಸಾಕು: ಈಗ ಏನು ಮಾಡುತ್ತಿದ್ದಾರೆ, ಶಾಫ್ಟ್‌ಗಳ ವಿಷಯದಲ್ಲಿ ಏನು ಮಾಡಿದರು, ಇಂದಿನ ವಿಷಯಕ್ಕೂ ಅವರಿಗೂ ಏನು ನಂಟು. ಉಸಿರು ಕಟ್ಟದೆ ಓದಲು ಬರುತ್ತದೆಯೇ ಎಂದು ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ‘ಹತ್ತು ವರ್ಷಗಳ ಅನುಭವ’ ಎಂದು ಬರೆಯಬೇಡಿ, ಮುಂದಿನ ವರ್ಷ ಅದು ತಪ್ಪಾಗುತ್ತದೆ. ‘2015ರಿಂದ ಈ ಕ್ಷೇತ್ರದಲ್ಲಿದ್ದಾರೆ’ ಎಂದರೆ ತಿದ್ದುವ ಕೆಲಸವೇ ಇಲ್ಲ.