ಸಾಲಕೊಟ್ಟವರ ಸಭೆಯ ನಡವಳಿ

ಸಾಲ ತೀರಿಸಲಾರದ ಮನುಷ್ಯನು ತನ್ನ ಕೈಲಾದಷ್ಟನ್ನು ಇಂತಿಷ್ಟು ಕಾಲದಲ್ಲಿ ಕೊಡುವೆನೆಂದು ಬರೆದುಕೊಟ್ಟಾಗ, ಅದನ್ನು ಒಪ್ಪುವುದೋ ಬಿಡುವುದೋ ಎಂದು ಸಾಲಕೊಟ್ಟವರು ಒಂದೆಡೆ ಸೇರಿ ತೀರ್ಮಾನಿಸುವ ಪದ್ಧತಿ ನಮ್ಮ ಕಾನೂನಿನಲ್ಲಿ ಬಹಳ ಕಾಲದಿಂದ ಉಂಟು. ಆ ಸಭೆಯಲ್ಲಿ ನಡೆದುದನ್ನು ಬರೆದಿಡುವ ಕಾಗದಕ್ಕೆ ನಡವಳಿಯೆಂದು ಹೆಸರು. ಅದನ್ನು ಓದುವ ಬಗೆಯನ್ನು ಇಂದು ವಿಚಾರಮಾಡೋಣ.

ಮೊದಲು ಕಾನೂನಿನ ಮಾತು. 1920ರ ಪ್ರಾಂತೀಯ ದಿವಾಳಿ ಕಾಯಿದೆಯ 38ನೆಯ ಕಲಮು ಎರಡು ಅಳತೆಗಳನ್ನು ಇಟ್ಟಿತು. ಸಭೆಗೆ ಬಂದ ಸಾಲದಾತರಲ್ಲಿ ಹೆಚ್ಚು ಮಂದಿಯೂ ಒಪ್ಪಬೇಕು, ಸಾಲದ ಮೊತ್ತದಲ್ಲಿ ಮುಕ್ಕಾಲು ಪಾಲೂ ಒಪ್ಪಬೇಕು. 2016ರ ದಿವಾಳಿತನ ಸಂಹಿತೆಯ 111ನೆಯ ಕಲಮು ತಲೆಯೆಣಿಕೆಯನ್ನು ಬಿಟ್ಟು ರೂಪಾಯಿಯೆಣಿಕೆಯೊಂದನ್ನೇ ಉಳಿಸಿಕೊಂಡಿತು. ಖುದ್ದಾಗಿಯೋ ಪ್ರತಿನಿಧಿಯ ಮೂಲಕವೋ ಹಾಜರಿದ್ದು ಮತ ಕೊಟ್ಟವರ ಸಾಲದ ಮೊತ್ತದಲ್ಲಿ ಮುಕ್ಕಾಲಿಗಿಂತ ಹೆಚ್ಚು ಪಾಲು ಒಪ್ಪಿದರೆ ಸಾಕು. ಸರಿಯಾಗಿ ಮುಕ್ಕಾಲು ಬಂದರೆ ಸಾಲದು. ಸಂಹಿತೆಯ ಈ ಭಾಗವು 2019ರ ಡಿಸೆಂಬರ್ 1ರಂದು ಜಾರಿಗೆ ಬಂದುದು ಕಂಪನಿಗಳ ಸಾಲಕ್ಕೆ ಸ್ವಂತ ಜಾಮೀನು ನಿಂತವರ ಮಟ್ಟಿಗೆ ಮಾತ್ರ.

ಲೆಕ್ಕವು ಮನಸ್ಸಿಗೆ ಹತ್ತಬೇಕಾದರೆ ಒಂದು ಸಂಗತಿಯನ್ನು ಕಲ್ಪಿಸಿಕೊಳ್ಳೋಣ. ಹೆಬ್ಬಾಳದಾಚೆ, ಬಳ್ಳಾರಿ ರಸ್ತೆಯ ಬಳಿಯ ಅಮೃತಹಳ್ಳಿಯಲ್ಲಿ ಒಬ್ಬ ಗೃಹಸ್ಥನಿದ್ದಾನೆನ್ನಿ. ತನ್ನ ಸಣ್ಣ ಕಂಪನಿಯ ಸಾಲಕ್ಕೆ ತಾನೇ ಜಾಮೀನು ನಿಂತವನು. ಕಂಪನಿ ಮುಳುಗಿತು, ಜಾಮೀನುದಾರನ ವಿಷಯವು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಬಂದಿತು. ಬ್ಯಾಂಕಿಗೆ ಬರಬೇಕಾದುದು 60 ಲಕ್ಷ, ಅದಕ್ಕೆ ಮನೆಯ ಅಡಮಾನವಿದೆ. ಒಂದು ಹಣಕಾಸು ಸಂಸ್ಥೆಗೆ 18 ಲಕ್ಷ, ಚೀಟಿ ಸಂಸ್ಥೆಗೆ 6 ಲಕ್ಷ, ಕಬ್ಬಿಣದ ವ್ಯಾಪಾರಿಗೆ 5 ಲಕ್ಷ, ಕೈಗಡ ಕೊಟ್ಟ ಸ್ನೇಹಿತನಿಗೆ 3 ಲಕ್ಷ, ಸ್ವಂತ ತಮ್ಮನಿಗೆ 10 ಲಕ್ಷ. ಈ ಪಟ್ಟಿಯನ್ನು ಸಿದ್ಧಮಾಡಿ ಸಭೆಯನ್ನು ಕರೆಯತಕ್ಕವನು ನ್ಯಾಯಮಂಡಳಿ ನೇಮಿಸಿದ ಪರಿಹಾರಾಧಿಕಾರಿ. ಆತನು ಸಾಲಗಾರನ ಯೋಜನೆಯ ಮೇಲೆ ತನ್ನ ವರದಿ ಸಲ್ಲಿಸಿದ ಮೇಲೆ 14 ದಿನಕ್ಕೆ ಮುಂಚೆ ಅಲ್ಲದೆ, 28 ದಿನಕ್ಕೆ ತಡವೂ ಆಗದೆ ಸಭೆ ನಡೆಯಬೇಕು.

ನಡವಳಿಯಲ್ಲಿ ನಾವು ಮೊದಲು ಹುಡುಕಬೇಕಾದುದು ಯಾರಿಗೆ ಎಷ್ಟು ಮತವೆಂಬುದನ್ನು. ತಮ್ಮನು ಸಾಲದಾತನೇ ಹೌದು. ಆದರೆ ಸಾಲಗಾರನ ಸಂಬಂಧಿಯಾದ್ದರಿಂದ 109ನೆಯ ಕಲಮಿನ ಪ್ರಕಾರ ಅವನಿಗೆ ಮತವಿಲ್ಲ. ಹಣ ಬರುವಾಗ ಪಾಲುಂಟು, ಕೈಯೆತ್ತುವ ಹಕ್ಕಿಲ್ಲ. ಬ್ಯಾಂಕಿನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. 60 ಲಕ್ಷಕ್ಕೂ ಮತ ಕೊಟ್ಟರೆ, ಯೋಜನೆ ನಡೆಯುವವರೆಗೆ ಮನೆಯ ಮೇಲಿನ ಹಕ್ಕನ್ನು ಚಲಾಯಿಸುವುದನ್ನು ಅದು ಬಿಟ್ಟುಕೊಡಬೇಕು. ಬಿಡಲೊಲ್ಲದಿದ್ದರೆ, ಅಡಮಾನದಿಂದ ವಸೂಲಾಗದ ಭಾಗಕ್ಕೆ ಮಾತ್ರ ಮತವೆಂದು ಪ್ರಮಾಣಪತ್ರ ಕೊಟ್ಟು, ಆ ಭಾಗ ಎಷ್ಟೆಂಬ ಅಂದಾಜನ್ನೂ ಅದರಲ್ಲಿ ಹೇಳಬೇಕು. ನಮ್ಮ ಸಂಗತಿಯಲ್ಲಿ ಮನೆಗೆ 40 ಲಕ್ಷವೆಂದು ಬ್ಯಾಂಕು ಅಂದಾಜುಮಾಡಿತು. ಉಳಿದ 20 ಲಕ್ಷಕ್ಕೆ ಅದರ ಮತ.

ಸಾಲಗಾರನ ಯೋಜನೆ ಹೀಗಿದೆ. ಅಡಮಾನವಿಲ್ಲದ ಸಾಲ, ತಮ್ಮನದೂ ಸೇರಿ, 62 ಲಕ್ಷ. ಅದರಲ್ಲಿ ನೂರಕ್ಕೆ 40ರಂತೆ 24 ಲಕ್ಷದ 80 ಸಾವಿರವನ್ನು ಕೊಡುವನು. ನಿವೇಶನವೊಂದನ್ನು ಮಾರಿ 14 ಲಕ್ಷ. ಉಳಿದ 10 ಲಕ್ಷದ 80 ಸಾವಿರವನ್ನು ತಿಂಗಳಿಗೆ 30,000ದಂತೆ 36 ತಿಂಗಳಲ್ಲಿ. ನಿವೇಶನವನ್ನು ಆರು ತಿಂಗಳೊಳಗೆ ಮಾರಲೇಬೇಕೆಂದು ಬ್ಯಾಂಕಿನ ಪ್ರತಿನಿಧಿ ಸಭೆಯಲ್ಲಿ ತಿದ್ದುಪಡಿ ಸೂಚಿಸಿದರೆನ್ನಿ. ಇಲ್ಲಿ ನಡವಳಿಯು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಬರೆಯಬೇಕು: ತಿದ್ದುಪಡಿಯ ಮಾತುಗಳು, ಅದಕ್ಕೆ ಸಾಲಗಾರನು ಕೊಟ್ಟ ಒಪ್ಪಿಗೆ, ಆಮೇಲೆ ಬಿದ್ದ ಮತ. ಪ್ರತಿಯೊಂದು ತಿದ್ದುಪಡಿಗೂ ಸಾಲಗಾರನ ಸಮ್ಮತಿ ಬೇಕೆಂದು ಸಂಹಿತೆ ವಿಧಿಸಿರುವುದರಿಂದ, ಎರಡನೆಯ ಸಾಲು ಬಿಟ್ಟುಹೋದರೆ ಇಡೀ ಒಪ್ಪಂದವೇ ಪ್ರಶ್ನೆಗೆ ಗುರಿಯಾದೀತು.

ಇನ್ನು ಮತ. ಚೀಟಿ ಸಂಸ್ಥೆಯವರು ಬರಲಿಲ್ಲ. ಬ್ಯಾಂಕು ಮತ್ತು ಹಣಕಾಸು ಸಂಸ್ಥೆ ಒಪ್ಪಿದವು: 38 ಲಕ್ಷ. ಕಬ್ಬಿಣದ ವ್ಯಾಪಾರಿಯೂ ಕೈಗಡದ ಸ್ನೇಹಿತನೂ ಬೇಡವೆಂದರು: 8 ಲಕ್ಷ. ಹಾಜರಿದ್ದು ಮತ ಕೊಟ್ಟುದು ಒಟ್ಟು 46 ಲಕ್ಷ. ಅದರಲ್ಲಿ 38 ಎಂದರೆ ನೂರಕ್ಕೆ 82.6. ಯೋಜನೆ ಅಂಗೀಕಾರವಾಯಿತು.

ಎಡವುವ ಸ್ಥಳವೂ ಇದೇ. ಬಾರದ ಚೀಟಿ ಸಂಸ್ಥೆಯ 6 ಲಕ್ಷವನ್ನು ಸೇರಿಸಿ ಯಾರಾದರೂ 52 ಲಕ್ಷದಿಂದ ಭಾಗಿಸಿದರೆ ನೂರಕ್ಕೆ 73 ಮಾತ್ರ ಬಂದು, ಗೆದ್ದ ಯೋಜನೆ ಸೋತಂತೆ ಕಾಣುವುದು. ಆದುದರಿಂದ ನೂರಕ್ಕೆ ಇಷ್ಟೆಂದು ಮಾತ್ರ ಬರೆದ ನಡವಳಿಯನ್ನು ನಾವು ನಂಬಲಾಗದು. ಯಾವ ಮೊತ್ತದಿಂದ ಭಾಗಿಸಿದರೆಂಬುದೂ ಅದರಲ್ಲಿರಬೇಕು.

ಬ್ಯಾಂಕಿನ ಅಂದಾಜಿನ ಕಡೆಗೂ ಕಣ್ಣಿಡಬೇಕು. ಅದೇ ಮನೆಗೆ 10 ಲಕ್ಷವೇ ಬೆಲೆಯೆಂದು ಹೇಳಿದ್ದರೆ ಬ್ಯಾಂಕಿನ ಮತ 50 ಲಕ್ಷಕ್ಕೇರಿ, ಹಾಜರಿದ್ದವರ ಮೊತ್ತ 76 ಲಕ್ಷವಾಗುತ್ತಿತ್ತು. ಆಗ 18 ಲಕ್ಷದ ಹಣಕಾಸು ಸಂಸ್ಥೆಯ ಪಾಲು ನೂರಕ್ಕೆ 39ರಿಂದ 24ಕ್ಕೆ ಇಳಿದು, ತಾನೊಬ್ಬನೇ ವಿರೋಧಿಸಿ ಯೋಜನೆಯನ್ನು ತಡೆಯುವ ಶಕ್ತಿ ಅದರ ಕೈ ತಪ್ಪುತ್ತಿತ್ತು. ಮನೆಯ ಬೆಲೆ ಕುಗ್ಗಿದಷ್ಟೂ ಬ್ಯಾಂಕಿನ ಮಾತು ಹಿಗ್ಗುವುದು. ಪ್ರಮಾಣಪತ್ರವನ್ನೂ ಅಂದಾಜಿನ ಆಧಾರವನ್ನೂ ನಡವಳಿಗೆ ಲಗತ್ತಿಸಿದ್ದರೆ ಉಳಿದವರು ಅದನ್ನು ಪರೀಕ್ಷಿಸಬಹುದು.

ಇದೇ ಸಭೆ 1920ರ ಕಾಯಿದೆಯಂತೆ ನಡೆದಿದ್ದರೆ ಏನಾಗುತ್ತಿತ್ತು? ಮತಗಳ ಮೊತ್ತ ಹೀಗೆಯೇ ಬಿದ್ದರೂ ಮುಕ್ಕಾಲು ಪಾಲು ದಾಟುತ್ತಿತ್ತು; ಆದರೆ ಮಂದಿಯಲ್ಲಿ ಇಬ್ಬರು ಈ ಕಡೆ, ಇಬ್ಬರು ಆ ಕಡೆ. ಬಹುಮತವಿಲ್ಲದೆ ಯೋಜನೆ ಬಿದ್ದುಹೋಗುತ್ತಿತ್ತು. ಹಳೆಯ ಕಾಯಿದೆಯಲ್ಲಿ ಸಣ್ಣವರಿಬ್ಬರು ಕೂಡಿ ದೊಡ್ಡವರನ್ನು ತಡೆಯಬಹುದಾಗಿತ್ತು, ಹೊಸದರಲ್ಲಿ ಅದಿಲ್ಲ. ಅತ್ತ, 3 ಲಕ್ಷದವನೊಬ್ಬನ ಹಟದಿಂದ ಎಲ್ಲರ ಹಣವೂ ನಿಲ್ಲುವ ಅಪಾಯವೂ ಹೊಸದರಲ್ಲಿಲ್ಲ.

ನ್ಯಾಯಮಂಡಳಿಯು ಒಪ್ಪಿ ಆಜ್ಞೆ ಮಾಡಿದ ಮೇಲೆ ಯೋಜನೆಯು ಅದರಲ್ಲಿ ಹೆಸರಿರುವ ಎಲ್ಲ ಸಾಲದಾತರನ್ನೂ ಕಟ್ಟುವುದು. ಬೇಡವೆಂದ ಸ್ನೇಹಿತನು 3 ಲಕ್ಷಕ್ಕೆ 1 ಲಕ್ಷದ 20 ಸಾವಿರವನ್ನೂ, ಬಾರದ ಚೀಟಿ ಸಂಸ್ಥೆಯು 6 ಲಕ್ಷಕ್ಕೆ 2 ಲಕ್ಷದ 40 ಸಾವಿರವನ್ನೂ ಪಡೆದು ಸುಮ್ಮನಿರಬೇಕು. ನ್ಯಾಯಮಂಡಳಿಯು ಆಜ್ಞೆ ಮಾಡುವುದು ಸಭೆಯ ವರದಿಯ ಆಧಾರದ ಮೇಲೆ. ಯಾರು ಹಾಜರಿದ್ದರು, ಯಾವ ನಿರ್ಣಯ ಬಂದಿತು, ಒಬ್ಬೊಬ್ಬರ ಮತ ಯಾವ ಕಡೆ ಬಿದ್ದಿತು ಎಂಬುದನ್ನು 112ನೆಯ ಕಲಮಿನಂತೆ ಅದರಲ್ಲಿ ಕಾಣಿಸಬೇಕು. ಅದರ ಪ್ರತಿಯು ಸಭೆಗೆ ಬಾರದವರಿಗೂ ಹೋಗಬೇಕು. ಸಭೆಯಲ್ಲಿ ಸೋತ ಸ್ನೇಹಿತನಾಗಲಿ, ಮನೆಯಲ್ಲುಳಿದ ಚೀಟಿ ಸಂಸ್ಥೆಯವರಾಗಲಿ, 46ರಲ್ಲಿ 38 ಎಂಬ ಲೆಕ್ಕವನ್ನು ತಾವೇ ಕೂಡಿಸಿ ನೋಡಿ, ತಮ್ಮ ರೂಪಾಯಿಗೆ 60 ಪೈಸೆ ಹೋದುದು ಕಾನೂನಿನಂತೆ ಹೋಯಿತೋ ತಪ್ಪೆಣಿಕೆಯಿಂದ ಹೋಯಿತೋ ಎಂದು ತಿಳಿಯುವುದು ಆ ಕಾಗದದಿಂದಲೇ.